ಎರಡು ಕಂಬ, ಒಂದು ವಿಷಲ್, ವಾರಕ್ಕೆ ನಾಲ್ಕು ದಿನ: ಶಾಲಾ ಖೋ-ಖೋ ತಂಡದ ಅಭ್ಯಾಸ

ಖೋ-ಖೋ ಆಟದಲ್ಲಿ ಬೆನ್ನಟ್ಟುವವರು ಒಂದು ಸಲಕ್ಕೆ ಓಡುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಅವರು ಕುಕ್ಕರಗಾಲಿನಲ್ಲಿ ಕುಳಿತ ಜೊತೆಗಾರ್ತಿಯ ಬೆನ್ನು ಮುಟ್ಟಿ, ಖೋ ಎಂದು ಕೂಗಿ, ಅವಳು ಬಿಟ್ಟೆದ್ದ ಚೌಕದಲ್ಲಿ ಕುಳಿತಿರುತ್ತಾರೆ. ಎದ್ದವಳು ಮೂರು ಹೆಜ್ಜೆಯಲ್ಲಿ ಪೂರ್ತಿ ವೇಗಕ್ಕೆ ಬರಬೇಕು, ಕಂಬದ ಬಳಿ ಮೈ ವಾಲಿಸಿ ತಿರುಗಬೇಕು, ಮತ್ತೆ ಖೋ ಕೊಟ್ಟು ಕೂರಬೇಕು. ತಪ್ಪಿಸಿಕೊಳ್ಳುವವರ ಓಟ ಇದಕ್ಕಿಂತ ಉದ್ದ. ಚೆನ್ನಾಗಿ ಆಡುವ ಹುಡುಗಿ ಒಂದೆರಡು ನಿಮಿಷ ಅಂಗಳದಲ್ಲಿ ಉಳಿಯಬಹುದು. ಆದರೆ ಅದೂ ಸಮನಾದ ಓಟವಲ್ಲ. ನಿಲ್ಲುವುದು, ಹುಸಿ ಹೆಜ್ಜೆ ಹಾಕುವುದು, ಪಕ್ಕಕ್ಕೆ ಜಾರುವುದು, ಮತ್ತೆ ಸಿಡಿಯುವುದು, ಇವೇ ಅದರಲ್ಲಿ ತುಂಬಿರುತ್ತವೆ. ವಾರದ ಅಭ್ಯಾಸದ ಯೋಜನೆ ಇಲ್ಲಿಂದಲೇ ಹೊರಡಬೇಕು. ಆಟ ದೇಹದಿಂದ ಏನನ್ನು ಕೇಳುತ್ತದೋ ಅದನ್ನೇ ಅಭ್ಯಾಸವೂ ಕೇಳಬೇಕು.

ಬಹಳಷ್ಟು ಶಾಲೆಗಳಲ್ಲಿ ನಡೆಯುವುದು ಬೇರೆ. ಸಂಜೆ ಮಕ್ಕಳು ಮೈದಾನಕ್ಕೆ ಬಂದೊಡನೆ ಹತ್ತು ಸುತ್ತು ಓಡುತ್ತಾರೆ, ಆಮೇಲೆ ಕತ್ತಲಾಗುವವರೆಗೆ ಎರಡು ಪಾಳಿಯಾಗಿ ಆಡುತ್ತಾರೆ. ಪಂದ್ಯಕ್ಕೆ ಒಂದು ವಾರವಿದ್ದಾಗ ಇದು ಪ್ರತಿದಿನ ನಡೆಯುತ್ತದೆ, ಅದಕ್ಕೂ ಮೊದಲು ನಡೆಯುವುದೇ ಇಲ್ಲ. ಹತ್ತು ಸುತ್ತು ಓಡಿ ದಣಿದ ಕಾಲು ಆಮೇಲೆ ವೇಗವನ್ನು ಕಲಿಯುವುದಿಲ್ಲ. ನಿಧಾನವಾಗಿ ಏಳುವುದನ್ನೂ ಅಗಲವಾಗಿ ತಿರುಗುವುದನ್ನೂ ರೂಢಿ ಮಾಡಿಕೊಳ್ಳುತ್ತದೆ. ಅಂಗಳದಲ್ಲಿ ಚುರುಕಾಗಿರುವ ನಾಲ್ಕೈದು ಮಕ್ಕಳ ಕೈಗೆ ಆಟವೆಲ್ಲ ಹೋಗುತ್ತದೆ, ಉಳಿದವರು ಚೌಕದಲ್ಲಿ ಕುಳಿತು ಕಾಯುತ್ತಾರೆ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರಿಗೇ ಅದು ಸಿಗುವುದು ಕಡಿಮೆ.

ಯೋಜನೆಯನ್ನು ಒಂದು ತಂಡದ ಲೆಕ್ಕದಲ್ಲೇ ನೋಡುವುದು ಸುಲಭ. ಒಂದು ಹಿರಿಯ ಪ್ರಾಥಮಿಕ ಶಾಲೆ. 14 ವರ್ಷದೊಳಗಿನ ಬಾಲಕಿಯರ ತಂಡ. ಆರು, ಏಳು, ಎಂಟನೇ ತರಗತಿಯ 15 ಮಕ್ಕಳು. ಹೋಬಳಿ ಮಟ್ಟದ ಪಂದ್ಯಕ್ಕೆ ಆರು ವಾರ ಬಾಕಿ. ಪಂದ್ಯಕ್ಕೆ 12 ಮಂದಿಯ ತಂಡ ಬೇಕು, ಅಂಗಳದಲ್ಲಿ ಇಳಿಯುವುದು 9 ಮಂದಿ. ಬೆನ್ನಟ್ಟುವ ಸರದಿಯಲ್ಲಿ ಎಂಟು ಮಂದಿ ಚೌಕಗಳಲ್ಲಿ ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖಮಾಡಿ ಕೂರುತ್ತಾರೆ, ಒಂಬತ್ತನೆಯವಳು ಓಡುತ್ತಾಳೆ. ತಪ್ಪಿಸಿಕೊಳ್ಳುವವರು ಮೂವರು ಮೂವರಾಗಿ ಒಳಗೆ ಬರುತ್ತಾರೆ. ದೊಡ್ಡವರಿಗೆ ಒಂದು ಸರದಿ 9 ನಿಮಿಷ, ಈ ವಯಸ್ಸಿನವರಿಗೆ 7 ನಿಮಿಷ. ತಂಡಕ್ಕೆ 12 ಸಾಕು ಎಂದು ಅಷ್ಟೇ ಮಕ್ಕಳನ್ನು ಆರಿಸಿಕೊಳ್ಳುವುದು ಜಾಣತನವಲ್ಲ. ಆರು ವಾರದಲ್ಲಿ ಯಾರಿಗಾದರೂ ಜ್ವರ ಬರುತ್ತದೆ, ಯಾರದಾದರೂ ಕಾಲು ಉಳುಕುತ್ತದೆ. 15 ಎಂಬುದು ಇನ್ನೊಂದು ಕಾರಣಕ್ಕೂ ಅನುಕೂಲ: ಮೂವರಂತೆ ಐದು ಗುಂಪು ಸರಿಯಾಗಿ ಆಗುತ್ತದೆ.

ಸಾಮಾನಿನ ಪಟ್ಟಿ ಚಿಕ್ಕದು. ಎರಡು ಕಂಬ, ಒಂದು ವಿಷಲ್, ಸೆಕೆಂಡು ತೋರಿಸುವ ಒಂದು ಮೊಬೈಲ್ ಅಥವಾ ಗಡಿಯಾರ, ಗೆರೆ ಎಳೆಯಲು ಪುಡಿ, ಒಂದು ನೋಟ್‌ಬುಕ್. ಕಂಬ ಮರದ್ದಾಗಿರಲಿ, ನುಣುಪಾಗಿರಲಿ, ಅಲುಗಾಡದಂತೆ ನೆಟ್ಟಿರಲಿ. ಮಕ್ಕಳು ಅದನ್ನು ಒಂದು ಕೈಯಲ್ಲಿ ಹಿಡಿದು ಇಡೀ ಮೈಭಾರ ಹಾಕಿ ತಿರುಗುತ್ತಾರೆ. ಎತ್ತರ ನೆಲದಿಂದ ಸುಮಾರು 120 ಸೆಂಟಿಮೀಟರ್. ಗೆರೆಗೆ ಸುಣ್ಣದ ಪುಡಿ ಬೇಡ, ಏಕೆಂದರೆ ಬಿದ್ದ ಮಗುವಿನ ಕಣ್ಣಿಗೆ ಹೋದರೆ ಅದು ಸುಡುತ್ತದೆ. ರಂಗೋಲಿ ಪುಡಿಯೋ ಬೂದಿಯೋ ಸಾಕು. ಗುರುತಿಗೆ ಕಲ್ಲು, ಇಟ್ಟಿಗೆ, ತೆಂಗಿನ ಚಿಪ್ಪು ಇಡುವ ರೂಢಿಯೂ ತಪ್ಪಬೇಕು. ಈ ಮಕ್ಕಳಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡುತ್ತಾರೆ. ಹಳೆ ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಇಟ್ಟರೆ ಅದರ ಮೇಲೆ ಕಾಲಿಟ್ಟರೂ ನೋವಾಗದು.

ವಾರದಲ್ಲಿ ಎಷ್ಟು ದಿನ ಎಂಬುದು ಮೊದಲ ತೀರ್ಮಾನ. 12-13 ವರ್ಷದ ಮಕ್ಕಳಿಗೆ ನಾಲ್ಕು ದಿನ ಸಾಕು, ಮೂರಾದರೂ ನಡೆಯುತ್ತದೆ, ಆರು ದಿನ ಬೇಡ. ಬೆಳೆಯುವ ಮಕ್ಕಳ ಕ್ರೀಡೆಯ ಬಗ್ಗೆ ವೈದ್ಯರು ಹೇಳುವ ಸರಳ ಮಿತಿ ಎರಡು: ವಾರದಲ್ಲಿ ಒಂದೆರಡು ದಿನವಾದರೂ ಪೂರ್ತಿ ಬಿಡುವು ಇರಬೇಕು, ಮತ್ತು ವಾರದ ಒಟ್ಟು ಅಭ್ಯಾಸದ ಗಂಟೆ ಮಗುವಿನ ವಯಸ್ಸಿನ ವರ್ಷಗಳನ್ನು ಮೀರಬಾರದು. ನಾಲ್ಕು ದಿನ ಒಂದೊಂದು ಗಂಟೆ ಎಂದರೆ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಇದೇ ಹುಡುಗಿ ಕಬಡ್ಡಿ ತಂಡದಲ್ಲೂ ಇರಬಹುದು, ರಿಲೇ ಓಟಕ್ಕೂ ಹೆಸರು ಕೊಟ್ಟಿರಬಹುದು. ಚುರುಕಾದ ಮಗುವನ್ನು ಎಲ್ಲ ಆಟಕ್ಕೂ ಸೇರಿಸುವುದು ಶಾಲೆಗಳ ಅಭ್ಯಾಸ. ಗಂಟೆಗಳನ್ನು ಎಣಿಸುವಾಗ ಎಲ್ಲವನ್ನೂ ಕೂಡಿಸಿ ಎಣಿಸಬೇಕು.

ಇಲ್ಲಿ ಹೇಳುವ ವಾರದಲ್ಲಿ ಸೋಮವಾರ ವೇಗ ಮತ್ತು ತಿರುವು, ಮಂಗಳವಾರ ಖೋ ಕೊಡುವ ಕೌಶಲ, ಗುರುವಾರ ತಪ್ಪಿಸಿಕೊಳ್ಳುವ ಓಟ ಮತ್ತು ಸ್ವಲ್ಪ ಕಸುವಿನ ಕೆಲಸ, ಶನಿವಾರ ಪೂರ್ತಿ ಆಟ. ಬುಧವಾರ, ಶುಕ್ರವಾರ, ಭಾನುವಾರ ಬಿಡುವು. ಈ ಕ್ರಮಕ್ಕೆ ಕಾರಣವಿದೆ. ಭಾನುವಾರದ ವಿರಾಮದ ಮರುದಿನ ಕಾಲು ಹಗುರವಾಗಿರುತ್ತದೆ. ಪೂರ್ತಿ ವೇಗದ ಓಟಕ್ಕೆ ಅದೇ ಸರಿಯಾದ ದಿನ. ಮಂಗಳವಾರದ ಕೆಲಸದಲ್ಲಿ ಓಟ ಕಡಿಮೆ, ಗಮನ ಹೆಚ್ಚು, ಹಾಗಾಗಿ ಸೋಮವಾರದ ಬೆನ್ನಿಗೇ ಬಂದರೂ ಹೊರೆಯಾಗದು. ಗುರುವಾರ ಈ ವಾರದ ಅತಿ ಕಠಿಣ ದಿನ, ಅದಕ್ಕೆ ಎರಡೂ ಕಡೆ ಬಿಡುವು. ಶನಿವಾರ ಶಾಲೆ ಅರ್ಧ ದಿನ, ಆದ್ದರಿಂದ ಸಮಯ ಹೆಚ್ಚು ಸಿಗುತ್ತದೆ. ಶಾಲೆಯ ವೇಳಾಪಟ್ಟಿ ಬೇರೆಯಾದರೆ ದಿನಗಳನ್ನು ಬದಲಿಸಬಹುದು, ಕಠಿಣ ದಿನಗಳೆರಡು ಅಕ್ಕಪಕ್ಕ ಬರಬಾರದು ಎಂಬುದಷ್ಟೇ ಮುಖ್ಯ.

ಸೋಮವಾರದ ಒಂದು ಗಂಟೆ ಹೇಗೆ ಸಾಗುತ್ತದೆ ಎಂಬುದನ್ನು ವಿವರವಾಗಿ ನೋಡಬಹುದು, ಉಳಿದ ದಿನಗಳ ಚೌಕಟ್ಟೂ ಇದೇ. ಶಾಲೆ ಬಿಟ್ಟ ಮೇಲೆ ಮಕ್ಕಳು ಮೊದಲು ಏನಾದರೂ ತಿನ್ನಬೇಕು. ಮಧ್ಯಾಹ್ನದ ಬಿಸಿಯೂಟ ಆಗಿ ಮೂರು ಗಂಟೆ ಕಳೆದಿರುತ್ತದೆ. ಒಂದು ಬಾಳೆಹಣ್ಣೋ ಕಡಲೆ ಚಿಕ್ಕಿಯೋ ಇಲ್ಲದೆ ಓಡಿಸಿದರೆ ಅರ್ಧ ಗಂಟೆಯಲ್ಲಿ ತಲೆ ಸುತ್ತುತ್ತದೆ ಎನ್ನುವವರು ಇದ್ದೇ ಇರುತ್ತಾರೆ. ಮೊದಲ ಐದು ನಿಮಿಷ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾ ಕಲ್ಲು, ಮುಳ್ಳು, ಗಾಜಿನ ಚೂರು ಹೆಕ್ಕುತ್ತಾರೆ. ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಹಿಂದಿನ ಸಂಜೆಯೇ ನೀರು ಚಿಮುಕಿಸಿಟ್ಟಿರಬೇಕು.

ನಂತರ ಹನ್ನೆರಡು ನಿಮಿಷ ಮೈ ಬಿಸಿ ಮಾಡಿಕೊಳ್ಳುವುದು. ಸುತ್ತು ಓಟದ ಬದಲು ಮುಟ್ಟಾಟ ಆಡಿಸಿದರೆ ಮೂರು ನಿಮಿಷದಲ್ಲೇ ಬೆವರು ಬರುತ್ತದೆ, ಮಕ್ಕಳು ತಾವಾಗಿಯೇ ದಿಕ್ಕು ಬದಲಿಸಿ ಓಡಿರುತ್ತಾರೆ. ಆಮೇಲೆ ಪಕ್ಕ ಹೆಜ್ಜೆ, ಹಿಮ್ಮುಖ ನಡಿಗೆ, ಒಂಟಿ ಕಾಲಿನಲ್ಲಿ ನಿಂತು ಜೊತೆಗಾರ್ತಿಯನ್ನು ಅಂಗೈಯಿಂದ ಮೆಲ್ಲಗೆ ತಳ್ಳುವುದು, ಕುಂಟುತ್ತಾ ಮೂರು ಹೆಜ್ಜೆ ಹಾರಿ ಅಲುಗಾಡದೆ ನಿಲ್ಲುವುದು. ಈ ಕೊನೆಯದರ ಮೇಲೆ ಶಿಕ್ಷಕರ ಕಣ್ಣಿರಬೇಕು. ನೆಲಕ್ಕೆ ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗಿದರೆ, ಅಂದರೆ ಎರಡೂ ಮೊಣಕಾಲು ಒಂದಕ್ಕೊಂದು ಹತ್ತಿರ ಬಂದರೆ, ಆ ಮಗುವಿನ ಮೊಣಕಾಲು ತಿರುವಿನ ಹೊಡೆತಕ್ಕೆ ಇನ್ನೂ ಸಿದ್ಧವಿಲ್ಲ. ಮೊಣಕಾಲು ಪಾದದ ನೇರಕ್ಕೆ ಇರಲಿ, ಶಬ್ದವಾಗದಂತೆ ಇಳಿಯಲಿ ಎಂದು ಪ್ರತಿಸಲ ಹೇಳಿದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಫುಟ್‌ಬಾಲ್‌ನ ಫಿಫಾ ಸಂಸ್ಥೆ ಮಕ್ಕಳಿಗಾಗಿ ರೂಪಿಸಿದ ತಯಾರಿ ವ್ಯಾಯಾಮದಲ್ಲೂ ಒಂಟಿ ಕಾಲಿನ ಸಮತೋಲ ಮತ್ತು ಹಾರಿ ಇಳಿಯುವ ಇಂಥ ಕೆಲಸಗಳೇ ಇವೆ. ವಾರಕ್ಕೆ ಎರಡು ಸಲ ಮಾಡಿದ ಮಕ್ಕಳಲ್ಲಿ ಗಾಯ ಗಣನೀಯವಾಗಿ ಕಡಿಮೆಯಾದದ್ದು ಕಂಡುಬಂದಿದೆ. ಇಲ್ಲಿ ಹೇಳಿದ ಕೆಲಸಗಳಿಗೆ ಯಾವ ಸಾಮಾನೂ ಬೇಕಿಲ್ಲ.

ಇನ್ನು ವೇಗದ ಹೊತ್ತು. ಮಕ್ಕಳು ಜೋಡಿಯಾಗಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ, ಆಟದಲ್ಲಿ ಕೂರುವಂತೆಯೇ. ಹಿಂದಿನಿಂದ ಒಬ್ಬಳು ಬೆನ್ನು ಮುಟ್ಟಿ ಖೋ ಎಂದಾಗ ಎದ್ದು 10 ಮೀಟರ್ ಓಡಬೇಕು. ಹೀಗೆ ಆರು ಸಲ. ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಮುಕ್ಕಾಲು ನಿಮಿಷದ ವಿರಾಮ, ನಡೆದುಕೊಂಡೇ ವಾಪಸು. ನೋಡುವವರಿಗೆ ಇದು ಸೋಮಾರಿತನದಂತೆ ಕಾಣುತ್ತದೆ, ಅನೇಕ ಶಿಕ್ಷಕರು ಇಲ್ಲೇ ತಾಳ್ಮೆಗೆಡುತ್ತಾರೆ. ಆದರೆ ವೇಗ ಹೆಚ್ಚುವುದು ಪೂರ್ತಿ ವೇಗದಲ್ಲಿ ಓಡಿದಾಗ ಮಾತ್ರ. ವಿರಾಮವಿಲ್ಲದೆ ಓಡಿದ ಮೂರನೆಯ ಓಟ ಅರೆವೇಗದ್ದಾಗಿರುತ್ತದೆ. ಏಳುವಾಗ ಮೊದಲ ಹೆಜ್ಜೆ ಚಿಕ್ಕದಾಗಿ, ಮೈ ಮುಂದಕ್ಕೆ ವಾಲಿ, ಕೈ ಬೀಸಿ ಹೊರಡಬೇಕು. ನೇರವಾಗಿ ಎದ್ದು ನಿಂತು ಆಮೇಲೆ ಓಡಲು ಶುರುಮಾಡುವುದು ಎಲ್ಲ ಹೊಸಬರ ತಪ್ಪು, ಅದರಲ್ಲೇ ಒಂದು ಮಾರು ದೂರ ಕಳೆದುಹೋಗುತ್ತದೆ.

10 ಮೀಟರ್ ಓಟವನ್ನು ಕೈಗಡಿಯಾರದಲ್ಲಿ ಅಳೆಯಲು ಹೋಗಬಾರದು. ಬೆರಳು ಗುಂಡಿ ಒತ್ತುವುದರಲ್ಲೇ ಎರಡು ಮೂರು ದಶಾಂಶ ಸೆಕೆಂಡು ಹೆಚ್ಚುಕಡಿಮೆ ಆಗುತ್ತದೆ, ಇಬ್ಬರು ಮಕ್ಕಳ ನಡುವಿನ ವ್ಯತ್ಯಾಸವೂ ಹೆಚ್ಚೂಕಡಿಮೆ ಅಷ್ಟೇ. ಜೋಡಿಯಲ್ಲಿ ಯಾರು ಮುಂದೆ ಎಂಬುದೇ ಇಲ್ಲಿ ಸಾಕಾದ ಅಳತೆ. ಅಳೆಯಲೇಬೇಕೆಂದರೆ ಒಂದು ಕಂಬದಿಂದ ಹೊರಟು ಇನ್ನೊಂದನ್ನು ಸುತ್ತಿ ವಾಪಸು ಬರುವ ಓಟವನ್ನು ಎರಡು ವಾರಕ್ಕೊಮ್ಮೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಬಹುದು. ಅದು ಹತ್ತು ಸೆಕೆಂಡಿನ ಆಸುಪಾಸಿನ ಓಟ, ತಿರುವೂ ಅದರಲ್ಲಿ ಸೇರಿರುತ್ತದೆ, ಬೆರಳಿನ ತಪ್ಪು ಅಷ್ಟು ಕಾಡುವುದಿಲ್ಲ.

ನೇರ ಓಟದ ನಂತರ ಕಂಬದ ತಿರುವು. ಓಡುತ್ತಾ ಬಂದು ಹತ್ತಿರದ ಕೈಯಿಂದ ಕಂಬ ಹಿಡಿದು, ಸೊಂಟ ತಗ್ಗಿಸಿ, ಒಂದು ಕಾಲಿನ ಮೇಲೆ ತಿರುಗಿ ಹೊರಡುವುದು. ಎಡಕ್ಕೆ ಮೂರು ಸಲ, ಬಲಕ್ಕೆ ಮೂರು ಸಲ. ಮಕ್ಕಳು ತಮಗೆ ಒಲಿದ ಕಡೆಯೇ ತಿರುಗಲು ಬಯಸುತ್ತಾರೆ. ಎದುರಾಳಿಗಳು ಅದನ್ನು ಒಂದೇ ಸರದಿಯಲ್ಲಿ ಗುರುತಿಸಿಬಿಡುತ್ತಾರೆ. ಇಲ್ಲಿ ಮತ್ತೊಂದು ಮಾತನ್ನು ಹೇಳಲೇಬೇಕು. 2022ರಲ್ಲಿ ಅಲ್ಟಿಮೇಟ್ ಖೋ-ಖೋ ಲೀಗ್ ಶುರುವಾದ ಮೇಲೆ ಟಿವಿಯಲ್ಲಿ ಕಾಣುವ ಆಟಗಾರರು ಮೈಯನ್ನು ಪೂರ್ತಿ ಚಾಚಿ ನೆಲಕ್ಕೆ ಜಿಗಿದು ಔಟ್ ಮಾಡುತ್ತಾರೆ. ಅವರು ಆಡುವುದು ಮ್ಯಾಟ್ ಮೇಲೆ. ಅದನ್ನು ನೋಡಿದ ಮಕ್ಕಳು ಗಟ್ಟಿ ಕೆಂಪು ಮಣ್ಣಿನಲ್ಲಿ ಹಾಗೇ ಜಿಗಿದರೆ ಗದ್ದ, ಮೊಣಕೈ, ಕಾಲರ್ ಮೂಳೆಗೆ ಪೆಟ್ಟು ಖಚಿತ. ಆರು ವಾರದ ಯೋಜನೆಯಲ್ಲಿ ಜಿಗಿತಕ್ಕೆ ಜಾಗವಿಲ್ಲ. ಉದ್ದ ಜಿಗಿತದ ಮರಳಿನ ಗುಂಡಿ ಇರುವ ಶಾಲೆಯಲ್ಲಿ, ಮುಂದಿನ ವರ್ಷ, ಮೊಣಕಾಲೂರಿದ ಸ್ಥಿತಿಯಿಂದ ಮುಂದಕ್ಕೆ ಜಾರುವುದರಿಂದ ಅದನ್ನು ಆರಂಭಿಸಬಹುದು.

ಸೋಮವಾರದ ಉಳಿದ ಹದಿನೈದು ನಿಮಿಷ ಸಣ್ಣ ಆಟ: ನಾಲ್ಕೇ ಚೌಕ, ನಾಲ್ವರು ಕುಳಿತು ಒಬ್ಬಳು ಓಡುವುದು, ಇಬ್ಬರು ತಪ್ಪಿಸಿಕೊಳ್ಳುವುದು. ಅಂಗಳವನ್ನು ಅಡ್ಡಕ್ಕೆ ಎರಡಾಗಿ ಭಾಗಮಾಡಿದರೆ ಏಳೇಳು ಮಂದಿಯ ಎರಡು ಆಟ ಒಟ್ಟಿಗೆ ನಡೆಯುತ್ತವೆ, ಉಳಿದ ಒಬ್ಬಳು ತೀರ್ಪುಗಾರ್ತಿ. ಪ್ರತಿ ಮಗುವಿಗೂ ಓಟ ಸಿಗುವುದು ಇದರ ಲಾಭ. ಕೊನೆಯ ಐದು ನಿಮಿಷ ನಡಿಗೆ, ತೊಡೆ ಮೀನಖಂಡಗಳನ್ನು ಎಳೆದು ಸಡಿಲಿಸುವುದು, ನೀರು. ದೂರದ ಹಳ್ಳಿಯಿಂದ ಬರುವ ಮಕ್ಕಳ ಬಸ್ಸಿನ ಹೊತ್ತಿಗೆ ಮುಗಿಯಲೇಬೇಕು. ಬಸ್ಸು ತಪ್ಪಿದ ಮರುದಿನ ಆ ಮನೆಯಿಂದ ಮಗಳನ್ನು ಆಟಕ್ಕೆ ಕಳಿಸುವುದಿಲ್ಲ, ಒಳ್ಳೆಯ ಆಟಗಾರ್ತಿಯರು ತಂಡದಿಂದ ದೂರವಾಗುವುದು ಬಹುಪಾಲು ಹೀಗೆಯೇ.

ಮಂಗಳವಾರದ್ದು ಮುಕ್ಕಾಲು ಗಂಟೆಯ ಹಗುರ ಕೆಲಸ. ಶಾಲಾ ಪಂದ್ಯಗಳಲ್ಲಿ ಬೆನ್ನಟ್ಟುವ ತಂಡದ ಸಮಯ ಪೋಲಾಗುವುದು ವೇಗ ಸಾಲದೆ ಅಲ್ಲ, ಫೌಲ್‌ಗಳಿಂದ. ಬೆನ್ನು ಮುಟ್ಟುವ ಮೊದಲೇ ಖೋ ಎನ್ನುವುದು, ಖೋ ಸಿಗುವ ಮೊದಲೇ ಏಳುವುದು, ನಡುಗೆರೆ ದಾಟುವುದು, ಒಂದು ದಿಕ್ಕು ಹಿಡಿದ ಮೇಲೆ ಭುಜ ಹಿಂದಕ್ಕೆ ತಿರುಗಿಸುವುದು. ಇವನ್ನು ತಿದ್ದಲು ನಡಿಗೆಯ ವೇಗದಲ್ಲಿ ಆಡಿಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎಲ್ಲರೂ ನಡೆಯುತ್ತಾರೆ, ಯಾರೂ ಓಡುವಂತಿಲ್ಲ. ಫೌಲ್ ಆದರೆ ಆಟ ನಿಲ್ಲಿಸಿ ಏನಾಯಿತು ಎಂದು ಕುಳಿತವರಲ್ಲೊಬ್ಬಳು ಹೇಳಬೇಕು. ಹತ್ತು ನಿಮಿಷದ ನಂತರ ಮೆಲ್ಲನೆ ಓಟ, ಕೊನೆಯ ಹತ್ತು ನಿಮಿಷ ಪೂರ್ತಿ ವೇಗ. ವೇಗ ಹೆಚ್ಚಿದಾಗ ಫೌಲ್ ಮತ್ತೆ ಬಂದರೆ ಒಂದು ಮೆಟ್ಟಿಲು ಹಿಂದಕ್ಕೆ. ಹುಸಿ ಖೋ, ಅಂದರೆ ಕೊಡುವಂತೆ ಬಾಗಿ ಕೊಡದೆ ಮುಂದಕ್ಕೆ ಓಡುವುದು, ಮೂರನೆಯ ವಾರಕ್ಕಿಂತ ಮೊದಲು ಬೇಡ. ನಿಜವಾದ ಖೋ ಇನ್ನೂ ಸ್ಪಷ್ಟವಾಗದ ಮಕ್ಕಳಿಗೆ ಅದು ಗೊಂದಲ ತರುತ್ತದೆ.

ಮಳೆ ಬಂದು ಅಂಗಳ ಕೆಸರಾದರೆ ಮಂಗಳವಾರದ ಕೆಲಸವನ್ನು ಆ ದಿನಕ್ಕೆ ತರಬಹುದು. ಶಾಲಾ ಕ್ರೀಡಾಕೂಟಗಳು ಹೆಚ್ಚಾಗಿ ಮಳೆಗಾಲದಲ್ಲೇ ಬರುವುದರಿಂದ ಇದಕ್ಕೆ ಮೊದಲೇ ಸಿದ್ಧವಿರಬೇಕು. ವರಾಂಡದ ನೆಲ ಒದ್ದೆಯಾದಾಗ ಜಾರುತ್ತದೆ, ಅಲ್ಲಿ ಓಟ ಬೇಡವೇ ಬೇಡ. ಕುಳಿತು ಏಳುವುದು, ಒಂಟಿ ಕಾಲಿನ ಸಮತೋಲ, ಕಪ್ಪುಹಲಗೆಯ ಮೇಲೆ ಅಂಗಳ ಬರೆದು ಯಾರಿಗೆ ಖೋ ಕೊಟ್ಟರೆ ಸರಿ ಎಂದು ಕೇಳುವುದು, ಇಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ.

ಗುರುವಾರ 15 ಮಂದಿಯ ಲೆಕ್ಕ ನೆರವಿಗೆ ಬರುತ್ತದೆ. ಒಂಬತ್ತು ಮಂದಿ ಬೆನ್ನಟ್ಟುವವರು, ಒಂದು ಗುಂಪಿನ ಮೂವರು ತಪ್ಪಿಸಿಕೊಳ್ಳುವವರು, ಇನ್ನೊಂದು ಗುಂಪಿನ ಮೂವರಿಗೆ ವಿರಾಮ. ಪ್ರತಿ ಗುಂಪು ಒಂದು ನಿಮಿಷ ಅಂಗಳದಲ್ಲಿ ಉಳಿಯಲು ಪ್ರಯತ್ನಿಸುತ್ತದೆ. ಔಟಾದರೂ ಆ ನಿಮಿಷ ಮುಗಿಯುವವರೆಗೆ ಆಟ ಬಿಡುವಂತಿಲ್ಲ. ಬದಲಾಯಿಸಲು ಅರ್ಧ ನಿಮಿಷ. ಐದು ಗುಂಪಿನ ಒಂದು ಸುತ್ತಿಗೆ ಏಳೂವರೆ ನಿಮಿಷ, ಎರಡು ಸುತ್ತಿಗೆ ಹದಿನೈದು. ಇದಕ್ಕೂ ಮೊದಲು, ಬೆನ್ನಟ್ಟುವವರೇ ಇಲ್ಲದೆ, ಚೈನ್ ಮತ್ತು ರಿಂಗ್ ಎರಡನ್ನೂ ಮೆಲ್ಲನೆ ಅಭ್ಯಾಸ ಮಾಡಿರಬೇಕು. ಕುಳಿತವರ ನಡುವೆ ಹಾವಿನಂತೆ ಒಳಹೊರಗೆ ನುಸುಳುತ್ತಾ ಸಾಗುವುದು ಚೈನ್. ಕಂಬದ ಹತ್ತಿರದ ಮೂರು ನಾಲ್ಕು ಮಂದಿಯನ್ನು ಬಳಸಿ ಸುತ್ತುತ್ತಾ ಬೆನ್ನಟ್ಟುವವರನ್ನು ಕಾಯಿಸುವುದು ರಿಂಗ್. ಹೊಸಬರಿಗೆ ಚೈನ್ ಸುಲಭ, ಏಕೆಂದರೆ ದಾರಿ ಮೊದಲೇ ಗೊತ್ತಿರುತ್ತದೆ. ರಿಂಗ್‌ನಲ್ಲಿ ಯಾವಾಗ ತಿರುಗಬೇಕೆಂಬುದನ್ನು ಎದುರಾಳಿಯ ಭುಜ ನೋಡಿ ನಿರ್ಧರಿಸಬೇಕು, ಅದು ನಿಧಾನವಾಗಿ ಬರುತ್ತದೆ. ತಂಡದಲ್ಲಿ ಇಬ್ಬರು ಮೂವರಿಗೆ ರಿಂಗ್ ಒಲಿದರೂ ಹೋಬಳಿ ಮಟ್ಟಕ್ಕೆ ಸಾಕು.

ಗುರುವಾರ ಪ್ರತಿಯೊಬ್ಬರೂ ಎಷ್ಟು ಸೆಕೆಂಡು ಔಟಾಗದೆ ಉಳಿದರು ಎಂದು ವಿರಾಮದಲ್ಲಿರುವ ಗುಂಪು ಬರೆದುಕೊಳ್ಳುತ್ತದೆ. ಪಂದ್ಯಕ್ಕೆ ಮೊದಲ ಮೂವರು ಯಾರು ಎಂಬ ತೀರ್ಮಾನ ಈ ಪುಟದಿಂದಲೇ ಬರಬೇಕು. ಅಭಿಪ್ರಾಯದಲ್ಲಿ ಚುರುಕಾಗಿ ಕಾಣುವ ಹುಡುಗಿಗಿಂತ ಪುಟದಲ್ಲಿ ಹೆಚ್ಚು ಹೊತ್ತು ಉಳಿದ ಹುಡುಗಿ ಹಲವು ಸಲ ಬೇರೆಯೇ ಆಗಿರುತ್ತಾಳೆ. ದಿನದ ಕೊನೆಗೆ ಹತ್ತು ನಿಮಿಷ ಕಸುವಿನ ಕೆಲಸ: ಜಗಲಿಯ ಅಂಚಿಗೆ ಕೈಯೂರಿ ದಂಡ, ನಿಧಾನವಾಗಿ ಕೂತು ಏಳುವುದು, ಮೆಟ್ಟಿಲಿನ ತುದಿಯಲ್ಲಿ ನಿಂತು ಹಿಮ್ಮಡಿ ಎತ್ತುವುದು, ಮೊಣಕೈ ಊರಿ ಮೈ ನೇರವಾಗಿ ಹಿಡಿಯುವುದು. ಒಂದೊಂದೂ ಎಂಟರಿಂದ ಹತ್ತು ಸಲ, ಹಿಡಿಯುವುದಾದರೆ ಇಪ್ಪತ್ತು ಸೆಕೆಂಡು, ಎರಡು ಸುತ್ತು. ತಡವಾಗಿ ಬಂದವರಿಗೆ ಬಸ್ಕಿ ಹೊಡೆಸುವ ಶಿಕ್ಷೆಯನ್ನು ಇದರೊಂದಿಗೆ ಬೆರೆಸಬಾರದು. ಶಿಕ್ಷೆಯಾಗಿ ಮಾಡಿದ ವ್ಯಾಯಾಮವನ್ನು ಮಕ್ಕಳು ಬೇಗ ಮುಗಿಸಲು ನೋಡುತ್ತಾರೆ, ಸರಿಯಾಗಿ ಮಾಡಲು ಅಲ್ಲ.

ಶನಿವಾರ ಆಟ. 15 ಮಂದಿಯಲ್ಲಿ ಎರಡು ಪೂರ್ತಿ ತಂಡ ಆಗುವುದಿಲ್ಲ. ಒಂಬತ್ತು ಮಂದಿ ಬೆನ್ನಟ್ಟಿದರೆ ಆರು ಮಂದಿ ಎರಡು ಗುಂಪಾಗಿ ತಪ್ಪಿಸಿಕೊಳ್ಳುತ್ತಾರೆ, ಆರೂ ಮಂದಿ ಔಟಾದರೆ ಮೊದಲ ಮೂವರು ಮತ್ತೆ ಬರುತ್ತಾರೆ. 7 ನಿಮಿಷದ ನಾಲ್ಕು ಸರದಿ, ನಡುವೆ ಮೂರು ನಿಮಿಷ. ಸರದಿ ನಡೆಯುವಾಗ ಶಿಕ್ಷಕರು ಮಾತಾಡದಿರುವುದು ಒಳ್ಳೆಯದು. ಪಂದ್ಯದ ದಿನ ಹೊರಗಿನ ಕೂಗು ಕೇಳಿಸುವುದಿಲ್ಲ, ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಕಲಿಯಬೇಕು.

ವಾರದ ಹೊರೆ ಎಷ್ಟಾಯಿತು ಎಂದು ತಿಳಿಯಲು ಅಮೆರಿಕದ ಕ್ರೀಡಾ ವಿಜ್ಞಾನಿ ಕಾರ್ಲ್ ಫಾಸ್ಟರ್ ಬಳಕೆಗೆ ತಂದ ಒಂದು ಸರಳ ಲೆಕ್ಕ ಇಂಥ ಶಾಲೆಗೆ ಚೆನ್ನಾಗಿ ಹೊಂದುತ್ತದೆ. ಅಭ್ಯಾಸ ಮುಗಿದ ಸ್ವಲ್ಪ ಹೊತ್ತಿನ ನಂತರ ಪ್ರತಿ ಮಗುವನ್ನೂ ಬೇರೆಬೇರೆಯಾಗಿ ಕೇಳುವುದು: ಇವತ್ತು ಎಷ್ಟು ಕಷ್ಟವಾಯಿತು, ಹತ್ತಕ್ಕೆ ಎಷ್ಟು? ಅದನ್ನು ನಿಮಿಷಗಳಿಂದ ಗುಣಿಸಿದರೆ ಆ ದಿನದ ಹೊರೆ. ಗೆಳತಿಯರ ಎದುರು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಉದಾಹರಣೆಗೆ ಮೊದಲ ವಾರ ಒಬ್ಬ ಹುಡುಗಿ ಸೋಮವಾರದ 60 ನಿಮಿಷಕ್ಕೆ 6, ಮಂಗಳವಾರದ 45ಕ್ಕೆ 4, ಗುರುವಾರದ 60ಕ್ಕೆ 7, ಶನಿವಾರದ 75ಕ್ಕೆ 6 ಕೊಟ್ಟರೆ ದಿನಗಳ ಹೊರೆ ಕ್ರಮವಾಗಿ 360, 180, 420, 450, ವಾರಕ್ಕೆ 1410. ಎರಡನೆಯ ವಾರ ಇದನ್ನು ಸುಮಾರು ಹತ್ತನೇ ಒಂದು ಭಾಗ ಏರಿಸಿ 1550ರ ಹತ್ತಿರ ತರಬಹುದು, ಮೂರನೆಯ ವಾರ ಇನ್ನೊಂದು ಅಷ್ಟು. ಗುರುವಾರ ಒಂದು ಸುತ್ತು ಹೆಚ್ಚಿಸುವುದು, ಸೋಮವಾರ ಎರಡು ಓಟ ಸೇರಿಸುವುದು, ಹೆಚ್ಚಳ ಬರುವುದು ಇಂಥವುಗಳಿಂದ. ನಾಲ್ಕನೆಯ ವಾರ ಬೇಕೆಂದೇ 1100ಕ್ಕೆ ಇಳಿಸಬೇಕು. ಕಲಿತದ್ದು ಮೈಗೆ ಹತ್ತುವುದು ಈ ಇಳಿಕೆಯಲ್ಲಿ.

ಲೆಕ್ಕಕ್ಕಿಂತ ಮೊದಲೇ ಎಚ್ಚರಿಸುವ ಒಂದು ಸೂಚನೆ ಇದೆ. ಕೆಲಸ ಅಷ್ಟೇ ಇದ್ದು ಮಗು ಹೇಳುವ ಅಂಕ ಏರಿದರೆ, ಮೊನ್ನೆ 4 ಎಂದ ಮಂಗಳವಾರದ ಕೆಲಸಕ್ಕೆ ಇಂದು 7 ಎಂದರೆ, ಏನೋ ಸರಿಯಿಲ್ಲ. ನಿದ್ರೆಗೆಟ್ಟಿರಬಹುದು, ಜ್ವರದ ಮುನ್ಸೂಚನೆ ಇರಬಹುದು, ಹೊಟ್ಟೆಗೆ ಕಡಿಮೆಯಾಗಿರಬಹುದು. ಹುಡುಗಿಯರಲ್ಲಿ ರಕ್ತಹೀನತೆಯೂ ಸಾಮಾನ್ಯ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಆ ಮಗು ನುಂಗುತ್ತಿದ್ದಾಳೆಯೇ ಎಂದು ಕೇಳಬೇಕು, ಸುಸ್ತು ಮುಂದುವರಿದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಮುಟ್ಟಿನ ದಿನಗಳಲ್ಲಿ ಆಡುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು. ಅದನ್ನು ಹೇಳಿಕೊಳ್ಳಲು ಒಬ್ಬ ಶಿಕ್ಷಕಿ ಇರಬೇಕು, ದೈಹಿಕ ಶಿಕ್ಷಕರು ಗಂಡಸರಾದರೆ ಇದು ಇನ್ನೂ ಮುಖ್ಯ.

ಈ ವಯಸ್ಸಿನ ವಿಶೇಷ ತೊಂದರೆ ಎತ್ತರದ್ದು. ಹುಡುಗಿಯರು 12ರ ಸುಮಾರಿಗೆ, ಹುಡುಗರು 14ರ ಸುಮಾರಿಗೆ ಅತಿ ಬೇಗ ಎತ್ತರವಾಗುತ್ತಾರೆ. ಒಂದೇ ತರಗತಿಯ ಇಬ್ಬರಲ್ಲಿ ಒಬ್ಬಳು ಆ ಹಂತ ದಾಟಿರಬಹುದು, ಇನ್ನೊಬ್ಬಳಿಗೆ ಅದು ಶುರುವಾಗಿರದಿರಬಹುದು. ಮೂಳೆ ಉದ್ದವಾದಷ್ಟು ಬೇಗ ಸ್ನಾಯು ಹೊಂದಿಕೊಳ್ಳುವುದಿಲ್ಲ. ಸ್ನಾಯು ಎಳೆಯುವ ಜಾಗದಲ್ಲಿ ಇನ್ನೂ ಮೃದ್ವಸ್ಥಿಯಾಗಿರುವ ಮೂಳೆ ನೋಯುತ್ತದೆ. ಹಿಮ್ಮಡಿಯ ಹಿಂಭಾಗದಲ್ಲಿ ನೋವು, ಅಥವಾ ಮೊಣಕಾಲು ಚಿಪ್ಪಿನ ಎರಡು ಬೆರಳು ಕೆಳಗೆ ಗಂಟಿನಂಥ ಉಬ್ಬು ಮತ್ತು ನೋವು ಕಂಡರೆ ಬಹುಪಾಲು ಇದೇ. ಕುಕ್ಕರಗಾಲಿನಿಂದ ಪದೇಪದೇ ಸಿಡಿದೇಳುವ ಖೋ-ಖೋ ಈ ಎರಡೂ ಜಾಗವನ್ನು ಹೆಚ್ಚು ಎಳೆಯುತ್ತದೆ. ಎತ್ತರವನ್ನು ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆ, ಬರಿಗಾಲಿನಲ್ಲಿ ಗೋಡೆಗೆ ನಿಲ್ಲಿಸಿ ಬರೆದಿಟ್ಟರೆ ಯಾರು ಈ ಹಂತದಲ್ಲಿದ್ದಾರೆಂದು ತಿಳಿಯುತ್ತದೆ. ಮೂರು ತಿಂಗಳಲ್ಲಿ 2 ಸೆಂಟಿಮೀಟರ್ ಅಥವಾ ಹೆಚ್ಚು ಏರಿದವರು ಅವರೇ. ಸಂಜೆ ಅಳೆಯುವುದು ಸರಿಯಲ್ಲ, ದಿನವಿಡೀ ನಿಂತು ನಡೆದು ಎತ್ತರ ಸ್ವಲ್ಪ ತಗ್ಗಿರುತ್ತದೆ. ಅಂಥವರ ಕಾಲು ಕೈ ಕೆಲಕಾಲ ಅವರ ಮಾತು ಕೇಳುವುದಿಲ್ಲ, ನಿನ್ನೆ ಬರುತ್ತಿದ್ದ ತಿರುವು ಇಂದು ತಪ್ಪುತ್ತದೆ. ಅದಕ್ಕೆ ಗದರುವುದು ಅನ್ಯಾಯ.

ನೋವಿಗೆ ನಿಯಮ ಸರಳ. ಆಡುವಾಗ ಸ್ವಲ್ಪ ನೋವಿದ್ದು ಮರುದಿನ ಬೆಳಿಗ್ಗೆ ಪೂರ್ತಿ ಹೋಗಿದ್ದರೆ ಏಳುವ ಮತ್ತು ಹಾರುವ ಕೆಲಸವನ್ನು ಅರ್ಧಕ್ಕೆ ಇಳಿಸಿ ಮುಂದುವರಿಸಬಹುದು. ಬೆಳಿಗ್ಗೆಯೂ ನೋವಿದ್ದರೆ ಆ ವಾರ ನಡಿಗೆಯ ಆಟ ಮತ್ತು ತೀರ್ಪುಗಾರಿಕೆ ಮಾತ್ರ. ಕುಂಟುತ್ತಿದ್ದರೆ, ರಾತ್ರಿ ನೋವಿನಿಂದ ಎಚ್ಚರವಾದರೆ, ಕೀಲು ಊದಿದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ನೋವು ನಿವಾರಕ ಮಾತ್ರೆ ಕೊಟ್ಟು ಆಡಿಸುವುದು ಎಂದೂ ಬೇಡ. ಮಕ್ಕಳು ತಂಡದಿಂದ ಬಿಡುತ್ತಾರೆಂಬ ಹೆದರಿಕೆಯಿಂದ ನೋವು ಮುಚ್ಚಿಡುವುದರಿಂದ, ಅಭ್ಯಾಸಕ್ಕೆ ಬರುವಾಗಿನ ನಡಿಗೆಯನ್ನು ದೂರದಿಂದಲೇ ಗಮನಿಸುವುದು ಕೇಳುವುದಕ್ಕಿಂತ ನಂಬಲರ್ಹ.

ಐದನೆಯ ವಾರ ಹೊರೆಯನ್ನು ಮತ್ತೆ 1600ರ ಸುಮಾರಿಗೆ ಏರಿಸಿ, ಶನಿವಾರ ಒಂದರ ಬದಲು ಎರಡು ಆಟ ಇಡಬೇಕು, ನಡುವೆ ಒಂದು ಗಂಟೆ ಬಿಡುವು. ಕೆಳಹಂತದ ಕ್ರೀಡಾಕೂಟದಲ್ಲಿ ಎಲ್ಲ ಪಂದ್ಯಗಳೂ ಒಂದೇ ದಿನ ಮುಗಿಯುತ್ತವೆ. ಗೆಲ್ಲುವ ತಂಡ ಎರಡು ಮೂರು ಸಲ ಇಳಿಯಬೇಕಾಗುತ್ತದೆ. ಮೊದಲ ಆಟದಲ್ಲೇ ಒಳ್ಳೆಯ ಮೂವರನ್ನು ಪೂರ್ತಿ ದಣಿಸಿದರೆ ಕೊನೆಯ ಪಂದ್ಯಕ್ಕೆ ಕಾಲೇ ಇರುವುದಿಲ್ಲ. ಎರಡನೆಯ ಆಟಕ್ಕೆ ಗುಂಪುಗಳನ್ನು ಹೇಗೆ ಬದಲಿಸಬೇಕು, ನಡುವಿನ ಗಂಟೆಯಲ್ಲಿ ಎಷ್ಟು ತಿನ್ನಬೇಕು, ನೆರಳಿನಲ್ಲಿ ಕುಳಿತ ಮೈಯನ್ನು ಮತ್ತೆ ಹೇಗೆ ಬಿಸಿ ಮಾಡಬೇಕು ಎಂಬುದನ್ನೆಲ್ಲ ಈ ಶನಿವಾರವೇ ಪ್ರಯೋಗಿಸಿ ನೋಡುವುದು ಲೇಸು.

ಪಂದ್ಯದ ವಾರ ಹೊಸತೇನನ್ನೂ ಕಲಿಸಬಾರದು. ಪಂದ್ಯ ಶನಿವಾರವಾದರೆ ಸೋಮವಾರ ವೇಗದ ಕೆಲಸ ಎಂದಿನಂತೆ, ಓಟಗಳ ಸಂಖ್ಯೆ ಅರ್ಧ, ವೇಗ ಪೂರ್ತಿ. ಬುಧವಾರ ನಲವತ್ತು ನಿಮಿಷ ಖೋ ಕೊಡುವ ಕೆಲಸ ಮತ್ತು ಒಂದೇ ಒಂದು ಪೂರ್ತಿ ಸರದಿ. ಗುರುವಾರ ಮೈ ಬಿಸಿ ಮಾಡಿಕೊಳ್ಳುವ ಹನ್ನೆರಡು ನಿಮಿಷ ಮಾತ್ರ, ಶುಕ್ರವಾರ ಬಿಡುವು. ಹೊರಗಿನ ಮೈದಾನದ ಕಂಬದ ದಪ್ಪ, ಮಣ್ಣಿನ ಹಿಡಿತ ಬೇರೆ ಇರಬಹುದು. ಅಲ್ಲಿಗೆ ಅರ್ಧ ಗಂಟೆ ಮೊದಲೇ ಹೋಗಿ ಎರಡೂ ಕಡೆಗೆ ಎರಡೆರಡು ಸಲ ಕಂಬ ತಿರುಗಿ ನೋಡಬೇಕು. ಗೆದ್ದು ತಾಲ್ಲೂಕಿಗೆ ಹೋದರೆ ಮೊದಲ ಎರಡು ದಿನ ಪೂರ್ತಿ ಬಿಡುವು, ಆ ವಾರದ ಉಳಿದ ದಿನ ಮಂಗಳವಾರದಂಥ ಹಗುರ ಕೆಲಸ, ನಂತರ ಎರಡನೆಯ ವಾರದ ಹೊರೆಯಿಂದ ಮತ್ತೆ ಆರಂಭ. ಸೋತರೂ ವಾರಕ್ಕೆ ಎರಡು ದಿನದ ಅಭ್ಯಾಸ ನಿಲ್ಲಬೇಕಿಲ್ಲ. ಆರನೇ ತರಗತಿಯ ಮಕ್ಕಳಿಗೆ ಈ ತಂಡದಲ್ಲಿ ಇನ್ನೂ ಎರಡು ವರ್ಷ ಬಾಕಿ ಇರುತ್ತದೆ, ನೋಟ್‌ಬುಕ್ಕಿನಲ್ಲಿ ಅವರ ಸೆಕೆಂಡುಗಳೂ ಎತ್ತರವೂ ದಾಖಲಾಗಿರುತ್ತವೆ.